ದಿನಾ 30 ಕಿಲೋಮೀಟರ್ ಟ್ರಾಫಿಕ್: ಬೈಕಾ, ಸ್ಕೂಟರಾ?

[ದೃಶ್ಯ: ಬೆಳಿಗ್ಗೆ 9 ಗಂಟೆ, ಹೆಬ್ಬಾಳ ಫ್ಲೈಓವರ್ ಏರು. ಗಾಡಿಗಳು ಇಂಚಿಂಚಾಗಿ ಸರಿಯುತ್ತಿವೆ.]

ನಮಸ್ಕಾರ. ಯಲಹಂಕದಿಂದ ಶಿವಾಜಿನಗರಕ್ಕೆ ಹೋಗಿ ಬಂದರೆ ನನಗೆ ದಿನಕ್ಕೆ ಸುಮಾರು 30 ಕಿಲೋಮೀಟರ್ ಆಗುತ್ತದೆ. ನಾಲ್ಕು ವರ್ಷ 100 ಸಿಸಿ ಬೈಕಿನಲ್ಲಿ ಓಡಾಡಿದೆ. ಈಗ 110 ಸಿಸಿ ಸ್ಕೂಟರ್. ಎರಡರಲ್ಲಿ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ: ಆ 15 ಕಿಲೋಮೀಟರ್‌ಗೆ ನಿಮಗೆ ಎಷ್ಟು ಹೊತ್ತು ಬೇಕು?

ಅರ್ಧ ಗಂಟೆ ಸಾಕು ಅಂದರೆ ಸರಾಸರಿ ವೇಗ 30. ಅಂಥ ರಸ್ತೆಗೆ ಬೈಕ್ ಒಳ್ಳೆಯದು. ಒಂದು ಗಂಟೆ ಬೇಕು ಅಂದರೆ ಸರಾಸರಿ 15. ಅಂದರೆ ಅರ್ಧ ದಾರಿ ನೀವು ಓಡಿಸುತ್ತಿಲ್ಲ, ತೆವಳುತ್ತಿದ್ದೀರಿ. ಅಲ್ಲಿ ನಾನು ಸ್ಕೂಟರ್ ಅಂತಲೇ ಹೇಳುತ್ತೇನೆ.

[ದೃಶ್ಯ: ಕ್ಲಚ್ ಹಿಡಿದ ಎಡಗೈ, ಹತ್ತಿರದಿಂದ.]

ಕಾರಣ ಈ ಕೈ. ಬೈಕ್ ಇದ್ದಾಗ ಒಂದು ಸೋಮವಾರ ಹೆಬ್ಬಾಳದಿಂದ ಮೇಖ್ರಿ ಸರ್ಕಲ್‌ವರೆಗೆ ಎಷ್ಟು ಸಲ ಕ್ಲಚ್ ಹಿಡಿದೆ ಅಂತ ಎಣಿಸಿದೆ. 80 ದಾಟಿತು. ಸಂಜೆ ವಾಪಸ್ ಬರುವಾಗ ಮತ್ತೆ ಅಷ್ಟೇ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತಿರುಗಿಸುವಾಗ ಹೆಬ್ಬೆರಳಿನ ಬುಡ ನೋಯುತ್ತಿತ್ತು. ಕೈ ಸೋತಾಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ: ಹಾಫ್ ಕ್ಲಚ್‌ನಲ್ಲೇ ಓಡಿಸಿದೆ. ಹಾಗೆ ಮಾಡಿದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಇಂಜಿನ್ ಸದ್ದು ಏರಿ, ಗಾಡಿ ಮಾತ್ರ ಮುಂದೆ ಹೋಗಲಿಲ್ಲ ಅಂದರೆ ಪ್ಲೇಟ್ ಜಾರುತ್ತಿದೆ ಅಂತ ತಿಳಿಯಿರಿ.

ಹಾಗಂತ ಸ್ಕೂಟರ್‌ಗೆ ಕ್ಲಚ್ ಇಲ್ಲ ಅಂತಲ್ಲ. ಅದು ಹಿಂದಿನ ಚಕ್ರದ ಪಕ್ಕದ ಕವರ್ ಒಳಗಿದೆ.

[ದೃಶ್ಯ: ಮೆಕ್ಯಾನಿಕ್ ಕವರ್ ಬಿಚ್ಚುತ್ತಿದ್ದಾರೆ. ಬೆಲ್ಟ್, ಕ್ಲಚ್ ಶೂ, ಅದರ ಹೊರಗಿನ ಡ್ರಮ್.]

ಇಂಜಿನ್ ಜೋರಾಗಿ ತಿರುಗಿದಾಗ ಈ ಶೂಗಳು ಹೊರಕ್ಕೆ ಚಾಚಿ ಡ್ರಮ್‌ ಅನ್ನು ಹಿಡಿಯುತ್ತವೆ, ಚಕ್ರ ತಿರುಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸ್ಪ್ರಿಂಗ್ ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಫ್ಲೈಓವರ್ ಏರಿನಲ್ಲಿ ನಿಂತಾಗ ಕೆಲವರು ಬ್ರೇಕ್ ಹಿಡಿಯದೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಗಾಡಿ ಹಿಂದೆ ಹೋಗದಂತೆ ನಿಲ್ಲಿಸಿಕೊಳ್ಳುತ್ತಾರೆ. ಆಗ ಶೂ ಪೂರ್ತಿ ಹಿಡಿಯದೆ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಅದರ ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಡ್ರಮ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ತುಂಬಾ ಕಾದಿದೆ ಅಂತ ಅರ್ಥ. ಸಿಗ್ನಲ್ ಬಿಟ್ಟ ತಕ್ಷಣ ಗಾಡಿ ಗಡಗಡ ನಡುಗಿ ಮುಂದೆ ಹೋಗುತ್ತದಲ್ಲ, ಅದಕ್ಕೆ ಹೆಚ್ಚಾಗಿ ಇದೇ ಕಾರಣ. ಶುರುವಿನಲ್ಲೇ ತೋರಿಸಿದರೆ ಬಿಚ್ಚಿ, ಒರೆಸಿ, ಶೂಗೆ ಎಮರಿ ಪೇಪರ್ ಉಜ್ಜಿದರೆ ಸರಿಹೋಗಬಹುದು. ದಯವಿಟ್ಟು ಏರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿ.

ಇನ್ನು ದುಡ್ಡಿನ ಲೆಕ್ಕ. ತಿಂಗಳಿಗೆ 26 ದಿನ ಅಂದರೆ 780 ಕಿಲೋಮೀಟರ್. ಇದೇ ದಾರಿಯಲ್ಲಿ ನನ್ನ ಬೈಕ್ ಲೀಟರಿಗೆ 58 ಕೊಡುತ್ತಿತ್ತು, ಸ್ಕೂಟರ್ 42 ಕೊಡುತ್ತಿದೆ. ಬೈಕಿಗೆ ಹದಿಮೂರೂವರೆ ಲೀಟರ್, ಸ್ಕೂಟರ್‌ಗೆ ಹದಿನೆಂಟೂವರೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 500 ರೂಪಾಯಿ ಜಾಸ್ತಿ. ಇದು ಸಣ್ಣ ಮೊತ್ತ ಅಲ್ಲ. ಜೊತೆಗೆ ಸ್ಕೂಟರ್ ಬೆಲ್ಟ್ ಸುಮಾರು 20 ಸಾವಿರ ಕಿಲೋಮೀಟರ್ ಆದ ಮೇಲೆ ಬದಲಿಸಬೇಕು. ಈ ಓಡಾಟಕ್ಕೆ ಅದು ಎರಡು ವರ್ಷದ ಆಸುಪಾಸು. ಬೈಕಿನಲ್ಲಿ ಚೈನ್ ಸ್ಪ್ರಾಕೆಟ್ ಖರ್ಚು ಇದ್ದೇ ಇದೆ. ತಿಂಗಳಿಗೆ ಆ 500 ಹೊಂದಿಸುವುದು ಕಷ್ಟ ಅನ್ನುವವರು ಬೈಕೇ ತಗೊಳ್ಳಿ. ಮುಚ್ಚಿದ ಚೈನ್ ಕವರ್ ಇರುವ 100 ಸಿಸಿ ಗಾಡಿ ನೋಡಿ. ಧೂಳು, ಮಳೆನೀರು ಚೈನಿಗೆ ಅಷ್ಟಾಗಿ ತಾಗುವುದಿಲ್ಲ.

[ದೃಶ್ಯ: ಎರಡು ಚಕ್ರಗಳು ಅಕ್ಕಪಕ್ಕ.]

ಬೈಕ್ ಗೆಲ್ಲುವ ಇನ್ನೊಂದು ಜಾಗ ಗುಂಡಿ. ಸ್ಪ್ಲೆಂಡರ್ ಚಕ್ರ 18 ಇಂಚು. ಆಕ್ಟಿವಾ ಹಿಂದಿನ ಚಕ್ರ 10 ಇಂಚು. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯೊಳಗೆ ಸಣ್ಣ ಚಕ್ರ ಇಳಿದೇ ಇಳಿಯುತ್ತದೆ, ಆ ಏಟು ನೇರ ಸೊಂಟಕ್ಕೆ. ಮೊದಲೇ ಬೆನ್ನುನೋವು ಇದ್ದವರಿಗೆ ನಾನು ಸ್ಕೂಟರ್ ಹೇಳುವುದಿಲ್ಲ, ಟ್ರಾಫಿಕ್ ಎಷ್ಟೇ ಇರಲಿ. ಸ್ಕೂಟರ್ ತಗೊಳ್ಳುವುದಾದರೆ ಮುಂದೆ 12 ಇಂಚಿನ ಚಕ್ರ, ಟೆಲಿಸ್ಕೋಪಿಕ್ ಫೋರ್ಕ್ ಇರುವುದನ್ನೇ ನೋಡಿ.

ಶೋರೂಮ್ ಸುತ್ತಲಿನ ಖಾಲಿ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹೊಡೆದು ಬುಕ್ ಮಾಡಬೇಡಿ. ಗೆಳೆಯರ ಹತ್ತಿರ ಆ ಗಾಡಿ ಇದ್ದರೆ ಒಂದು ದಿನ ಕೇಳಿ ಪಡೆಯಿರಿ. ಸಂಜೆ ಆರೂವರೆಗೆ, ನಿಮ್ಮದೇ ದಾರಿಯಲ್ಲಿ, ಬ್ಯಾಗ್ ಸಮೇತ ಓಡಿಸಿ. ಸಿಗ್ನಲ್‌ನಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತವಾ ನೋಡಿ. ಮನೆಗೆ ಬಂದ ಮೇಲೆ ಎಡಗೈ ಜಾಸ್ತಿ ನೋಯುತ್ತಿದೆಯಾ, ಸೊಂಟ ಜಾಸ್ತಿ ನೋಯುತ್ತಿದೆಯಾ ಅಂತ ಗಮನಿಸಿ, ಕಾಮೆಂಟ್‌ನಲ್ಲಿ ದಾರಿಯ ಹೆಸರಿನ ಜೊತೆ ಬರೆಯಿರಿ.