ಲಾಭದ ಸೇತುವೆ: ಒಂದು ಮೆಟ್ಟಿಲಿಗೆ ಒಂದೇ ಕಾರಣ

ಕೇಳುಗರಿಗೆ ನಮಸ್ಕಾರ. ಉತ್ಪಾದನೆ, ಮಾರಾಟ, ಖರೀದಿ, ಸಿಬ್ಬಂದಿ ವಿಭಾಗಗಳ ಮುಖ್ಯಸ್ಥರು ನನ್ನ ಎದುರು ಕುಳಿತಿದ್ದೀರಿ ಎಂದುಕೊಂಡು ಮಾತನಾಡುತ್ತಿದ್ದೇನೆ. ವರ್ಷದ ಕೊನೆಯ ಸಭೆಯಲ್ಲಿ ಲೆಕ್ಕಪತ್ರ ವಿಭಾಗದವರು ಪರದೆಯ ಮೇಲೆ ಒಂದು ಚಿತ್ರ ತೋರಿಸುತ್ತಾರೆ. ಎಡಗಡೆ ಒಂದು ಕಂಬ, ಅದು ಕಳೆದ ವರ್ಷದ ಕಾರ್ಯಾಚರಣಾ ಲಾಭ. ಬಲಗಡೆ ಇನ್ನೊಂದು ಕಂಬ, ಅದು ಈ ವರ್ಷದ್ದು. ನಡುವೆ ಗಾಳಿಯಲ್ಲಿ ತೂಗುವ ತುಂಡುಗಳು. ಒಂದು ತುಂಡು ಮುಗಿದ ಎತ್ತರದಿಂದಲೇ ಮುಂದಿನದು ಶುರುವಾಗುತ್ತದೆ. ಹಸಿರು ತುಂಡು ಲಾಭವನ್ನು ಮೇಲಕ್ಕೆ ಒಯ್ಯುತ್ತದೆ, ಕೆಂಪು ತುಂಡು ಕೆಳಕ್ಕೆ ಇಳಿಸುತ್ತದೆ. ಇದಕ್ಕೆ ಲಾಭದ ಸೇತುವೆ ಎನ್ನುತ್ತಾರೆ, ವಾಟರ್‌ಫಾಲ್ ಚಾರ್ಟ್ ಎಂದೂ ಕರೆಯುತ್ತಾರೆ. ನಾನು ಆ ತುಂಡುಗಳನ್ನು ಮೆಟ್ಟಿಲು ಎನ್ನುತ್ತೇನೆ.

ಈ ಚಿತ್ರದ ಬಗ್ಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಒಂದು ಮೆಟ್ಟಿಲಿಗೆ ಒಂದೇ ಕಾರಣ. ಹತ್ತಿರದಲ್ಲಿ ಪೆನ್ಸಿಲ್ ಇದ್ದರೆ ಎತ್ತಿಕೊಳ್ಳಿ, ಒಂದು ನಿಜವಾದ ಸಭೆಯ ಕತೆ ಹೇಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಅದೊಂದು ಕಾಫಿಪುಡಿ ಕಂಪನಿ. ಕಳೆದ ವರ್ಷ 10 ಲಕ್ಷ ಕೆ.ಜಿ. ಪುಡಿ ಮಾರಿ 4 ಕೋಟಿ ರೂಪಾಯಿ ಲಾಭ ಮಾಡಿತ್ತು. ಮರುವರ್ಷ 11 ಲಕ್ಷ ಕೆ.ಜಿ. ಮಾರಿತು, ಆದರೆ ಲಾಭ 3 ಕೋಟಿ 20 ಲಕ್ಷಕ್ಕೆ ಇಳಿಯಿತು. ಹೆಚ್ಚು ಮಾರಿದರೂ 80 ಲಕ್ಷ ಎಲ್ಲಿ ಹೋಯಿತು ಎಂದು ಎಲ್ಲರಿಗೂ ಕಳವಳ. ಸಭೆಯಲ್ಲಿ ತೋರಿಸಿದ ಸೇತುವೆಗೆ ಎರಡೇ ಮೆಟ್ಟಿಲು: ಮಾರಾಟದ ಹಣ 9 ಕೋಟಿ 20 ಲಕ್ಷ ಹೆಚ್ಚಿದೆ, ಖರ್ಚು 10 ಕೋಟಿ ಹೆಚ್ಚಿದೆ. ಕೂಡಿ ಕಳೆದರೆ ಲೆಕ್ಕ ಸರಿಯಾಗಿತ್ತು. ಸಭೆ ಮಾತ್ರ ಹದಗೆಟ್ಟಿತು. ಹಸಿರು ಮೆಟ್ಟಿಲು ನೋಡಿ ಎಲ್ಲರೂ ಮಾರಾಟದ ಮುಖ್ಯಸ್ಥರನ್ನು ಹೊಗಳಿದರು. ಕೆಂಪು ಮೆಟ್ಟಿಲು ನೋಡಿ ಖರೀದಿಯ ಮುಖ್ಯಸ್ಥರತ್ತ ತಿರುಗಿದರು. ಅದು 2024ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನ ಬರದಿಂದಾಗಿ ರೊಬಸ್ಟಾ ಬೀಜದ ಬೆಲೆ ದಾಖಲೆ ಮಟ್ಟಕ್ಕೆ ಏರಿದ ಕಾಲ. ಆ ಮನುಷ್ಯ ಅರ್ಧ ಗಂಟೆ ತಲೆ ತಗ್ಗಿಸಿ ಕುಳಿತಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಆ ಸೇತುವೆಯಲ್ಲಿ ಸುಳ್ಳು ಅಂಕಿ ಒಂದೂ ಇರಲಿಲ್ಲ. ಆದರೆ ಒಂದೊಂದು ಮೆಟ್ಟಿಲಿನೊಳಗೆ ಮೂರು ನಾಲ್ಕು ಕಾರಣಗಳನ್ನು ತುರುಕಿಟ್ಟಿದ್ದರು.

ಮಧ್ಯಾಹ್ನ ಬಿಳಿ ಹಲಗೆಯ ಮೇಲೆ ಅದನ್ನೇ ಬಿಡಿಸಿ ಬರೆದೆವು. ಮೊದಲು ಪ್ರಮಾಣ. ಕಳೆದ ವರ್ಷ ಬೀಜ, ಚಿಕೋರಿ, ಪ್ಯಾಕಿಂಗ್, ಸಾಗಾಟದ ಖರ್ಚು ಕಳೆದ ಮೇಲೆ ಕೆ.ಜಿ.ಗೆ ಸರಾಸರಿ 100 ರೂಪಾಯಿ ಕೈಯಲ್ಲಿ ಉಳಿಯುತ್ತಿತ್ತು, ಸಂಬಳದಂಥ ಖರ್ಚು ಕಳೆದು ಲಾಭ ಕಾಣುವುದು ಅದರ ನಂತರ. ಈ ವರ್ಷ ಒಂದು ಲಕ್ಷ ಕೆ.ಜಿ. ಹೆಚ್ಚು ಮಾರಿದ್ದಾರೆ. ಹಾಗಾಗಿ ಮೇಲೆ 1 ಕೋಟಿ. ಇಲ್ಲಿ ಹಲವರು ತಪ್ಪುತ್ತಾರೆ. ಒಂದು ಲಕ್ಷ ಕೆ.ಜಿ.ಯನ್ನು 400 ರೂಪಾಯಿ ಮಾರಾಟ ಬೆಲೆಯಿಂದ ಗುಣಿಸಿ 4 ಕೋಟಿ ಎಂದು ಬರೆದುಬಿಡುತ್ತಾರೆ. ಆ ಪುಡಿಗೆ ಬೀಜ ಕೊಳ್ಳಬೇಡವೇ? ಪ್ರಮಾಣದ ಮೆಟ್ಟಿಲನ್ನು ಉಳಿಯುವ ಹಣದಿಂದ ಅಳೆಯಬೇಕು, ಅದೂ ಕಳೆದ ವರ್ಷ ಉಳಿದ ಹಣದಿಂದ.

ಎರಡನೆಯದು, ಯಾವ ಪುಡಿ ಎಷ್ಟು ಮಾರಾಟವಾಯಿತು ಎಂಬುದು. ಲೆಕ್ಕದವರು ಇದನ್ನು ಮಿಕ್ಸ್ ಎನ್ನುತ್ತಾರೆ. ಶುದ್ಧ ಕಾಫಿಪುಡಿಯಲ್ಲಿ ಕೆ.ಜಿ.ಗೆ 145 ರೂಪಾಯಿ ಉಳಿಯುತ್ತಿತ್ತು, ಚಿಕೋರಿ ಬೆರೆಸಿದ ಪುಡಿಯಲ್ಲಿ 70 ಮಾತ್ರ. ಕಳೆದ ವರ್ಷ ಶುದ್ಧ ಪುಡಿ 4 ಲಕ್ಷ ಕೆ.ಜಿ. ಹೋಗಿತ್ತು, ಈ ವರ್ಷ 3 ಲಕ್ಷ 60 ಸಾವಿರ. ಚಿಕೋರಿ ಪುಡಿ 6 ಲಕ್ಷದಿಂದ 7 ಲಕ್ಷ 40 ಸಾವಿರಕ್ಕೆ ಏರಿತ್ತು. ಹಳೆಯ ದರದಲ್ಲೇ ಗುಣಿಸಿ ನೋಡಿ: 11 ಕೋಟಿ ಉಳಿಯಬೇಕಾದಲ್ಲಿ 10 ಕೋಟಿ 40 ಲಕ್ಷ ಉಳಿಯುತ್ತದೆ. ಕೆಳಕ್ಕೆ 60 ಲಕ್ಷ. ಹೆಚ್ಚು ಮಾರಿ ಗಳಿಸಿದ ಒಂದು ಕೋಟಿಯಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲೇ ಸೋರಿಹೋಗಿತ್ತು. ಬೆಳಗಿನ ಚಿತ್ರದಲ್ಲಿ ಇದರ ಸುಳಿವೇ ಇರಲಿಲ್ಲ.

ಮೂರನೆಯ ಮೆಟ್ಟಿಲು ಮಾರಾಟ ಬೆಲೆ. ಕೆ.ಜಿ.ಗೆ ಸರಾಸರಿ 60 ರೂಪಾಯಿ ಏರಿಸಿದ್ದರು. 11 ಲಕ್ಷ ಕೆ.ಜಿ.ಗೆ ಮೇಲೆ 6 ಕೋಟಿ 60 ಲಕ್ಷ. ಅದರ ಪಕ್ಕದಲ್ಲೇ ಬೀಜದ ಬೆಲೆ. ಒಂದು ಕೆ.ಜಿ. ಪುಡಿಯ ಬೀಜದ ಖರ್ಚು 70 ರೂಪಾಯಿ ಏರಿತ್ತು. ಕೆಳಕ್ಕೆ 7 ಕೋಟಿ 70 ಲಕ್ಷ. ಇವೆರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಕೋಣೆಯಲ್ಲಿ ಮಾತು ನಿಂತಿತು. ಬೀಜ 70 ಏರಿದಾಗ ನಾವು 60 ಮಾತ್ರ ಏರಿಸಿದ್ದೇವೆ, ಹತ್ತು ರೂಪಾಯಿಯನ್ನು ನಾವೇ ನುಂಗಿದ್ದೇವೆ ಎಂದು ಮಾರಾಟದ ಮುಖ್ಯಸ್ಥರೇ ಹೇಳಿದರು. ಬೀಜದ ಬೆಲೆ ಖರೀದಿಯವರ ಕೈಯಲ್ಲಿ ಇರಲಿಲ್ಲ. ಪುಡಿಯ ಬೆಲೆಯನ್ನು ಎಷ್ಟು, ಯಾವ ತಿಂಗಳು ಏರಿಸಬೇಕೆಂಬುದು ಆ ಕೋಣೆಯಲ್ಲಿದ್ದವರ ಕೈಯಲ್ಲಿತ್ತು.

ಇನ್ನು ಎರಡು ಮೆಟ್ಟಿಲು. ಹಸಿ ಬೀಜವನ್ನು ಹುರಿದಾಗ ತೂಕ ಇಳಿಯುತ್ತದೆ, 100 ಕೆ.ಜಿ. ಹಾಕಿದರೆ 80ರಿಂದ 85 ಕೆ.ಜಿ. ಕೈಗೆ ಬರುತ್ತದೆ. ಹುರಿಯುವವರು ಆ ನಷ್ಟವನ್ನು ತುಸು ತಗ್ಗಿಸಿ 50 ಲಕ್ಷ ಉಳಿಸಿದ್ದರು. ಹತ್ತು ಕೋಟಿಯ ಕೆಂಪು ಮೆಟ್ಟಿಲಿನೊಳಗೆ ಅವರ ವರ್ಷದ ದುಡಿಮೆ ಮುಚ್ಚಿಹೋಗಿತ್ತು, ಅದರ ಬಗ್ಗೆ ನನಗೆ ನಿಜಕ್ಕೂ ಬೇಸರವಾಯಿತು. ಕೊನೆಗೆ ಸಂಬಳದ ಏರಿಕೆ, ಕೆಳಕ್ಕೆ 60 ಲಕ್ಷ. ಈಗ ಮೊದಲ ಕಂಬದಿಂದ ಒಂದೊಂದೇ ಮೆಟ್ಟಿಲು ಕೂಡುತ್ತ, ಕಳೆಯುತ್ತ ಬನ್ನಿ: 4 ಕೋಟಿ, 5 ಕೋಟಿ, 4 ಕೋಟಿ 40 ಲಕ್ಷ, 11 ಕೋಟಿ, 3 ಕೋಟಿ 30 ಲಕ್ಷ, 3 ಕೋಟಿ 80 ಲಕ್ಷ, 3 ಕೋಟಿ 20 ಲಕ್ಷ. ಎರಡನೆಯ ಕಂಬಕ್ಕೆ ಬಂದು ಮುಟ್ಟಿದೆವು, ಒಂದು ರೂಪಾಯಿ ಆಚೀಚೆ ಇಲ್ಲ.

ಅದೇ ವರ್ಷ, ಅದೇ ಕಂಪನಿ, ಅದೇ 80 ಲಕ್ಷದ ಇಳಿಕೆ. ಆದರೂ ಬೆಳಗಿನ ಮಾತೇ ಬೇರೆ, ಮಧ್ಯಾಹ್ನದ ಮಾತೇ ಬೇರೆ. ಅದಕ್ಕೇ ಮತ್ತೆ ಹೇಳುತ್ತೇನೆ, ಒಂದು ಮೆಟ್ಟಿಲಿಗೆ ಒಂದೇ ಕಾರಣ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೇತುವೆಯಲ್ಲಿ ‘ಇತರೆ’ ಎಂಬ ಮೆಟ್ಟಿಲು ಕಂಡರೆ ಅದರ ಉದ್ದ ನೋಡಿ. ಒಟ್ಟು ಏರಿಳಿತದಲ್ಲಿ ಅದೇ ದೊಡ್ಡದಾಗಿದ್ದರೆ ಸೇತುವೆ ಇನ್ನೂ ಕಟ್ಟಿ ಮುಗಿದಿಲ್ಲ, ದಯವಿಟ್ಟು ಹಿಂದಕ್ಕೆ ಕಳುಹಿಸಿ. ಒಮ್ಮೆ ಮಾತ್ರ ಬಂದ ವಿಮೆ ಹಣದಂಥದ್ದನ್ನು ಬೇರೆ ಮೆಟ್ಟಿಲಾಗಿಯೇ ಕೇಳಿ, ಅದು ಮುಂದಿನ ವರ್ಷ ಬರುವುದಿಲ್ಲ. ಬಡ್ಡಿ, ತೆರಿಗೆ ಈ ಚಿತ್ರದಲ್ಲಿ ಇರಕೂಡದು, ಅವು ಕಾರ್ಯಾಚರಣಾ ಲಾಭದ ನಂತರದ ಲೆಕ್ಕ. ಕಂಬಗಳು ಸೊನ್ನೆಯಿಂದ ಶುರುವಾಗಿವೆಯೇ ಎಂದೂ ನೋಡಿ. ಬುಡ ಕತ್ತರಿಸಿದ್ದರೆ 4 ಕೋಟಿಯಿಂದ 3 ಕೋಟಿ 20 ಲಕ್ಷಕ್ಕೆ ಆದ ಇಳಿಕೆ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ.

ಸಭೆಯಲ್ಲಿ ಕೇಳಲು ಹಿಂಜರಿಕೆಯಾದರೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ‘ಈ ಮೆಟ್ಟಿಲಿಗೆ ಉತ್ತರ ಹೇಳುವವರು ಯಾರು?’ ಇಬ್ಬರು ಕೈ ಎತ್ತಿದರೆ ಅದರೊಳಗೆ ಎರಡು ಕಾರಣಗಳಿವೆ, ಬಿಡಿಸಲು ಹೇಳಿ. ಆ ಕಾಫಿಪುಡಿ ಕಂಪನಿಯಲ್ಲಿ ಈಗ ಪ್ರತಿ ಮೆಟ್ಟಿಲಿನ ಕೆಳಗೆ ಒಂದು ವಿಭಾಗದ ಹೆಸರು ಬರೆದಿರುತ್ತಾರೆ. ಬೀಜದ ಬೆಲೆಯ ಮೆಟ್ಟಿಲಿನ ಕೆಳಗೆ ಮಾತ್ರ ‘ಮಾರುಕಟ್ಟೆ’ ಎಂದಿದೆ. ಖರೀದಿಯ ಮುಖ್ಯಸ್ಥರು ತಾವು ಮಾರುಕಟ್ಟೆ ದರಕ್ಕಿಂತ ಎಷ್ಟು ಹೆಚ್ಚಿಗೆ ಅಥವಾ ಕಡಿಮೆಗೆ ಕೊಂಡೆವು ಎಂಬ ಚಿಕ್ಕ ಮೆಟ್ಟಿಲನ್ನು ಅದರ ಪಕ್ಕ ತಾವೇ ಕೇಳಿ ಹಾಕಿಸಿಕೊಂಡಿದ್ದಾರೆ. ನಮಸ್ಕಾರ.