ಹಾಡಿನಲ್ಲಿ ಮರುಕಳಿಸುವ ಮಾತು ಏನು ಕೆಲಸ ಮಾಡುತ್ತಿದೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಶಿರಾ, ಗುಬ್ಬಿ, ಕೊರಟಗೆರೆಯಿಂದೆಲ್ಲಾ ಬಸ್ಸು ಹತ್ತಿ ತುಮಕೂರಿಗೆ ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಜನಪದ ಗೀತೆ ಸ್ಪರ್ಧೆಯಲ್ಲಿ ಪ್ರೇಕ್ಷಕನಾಗಿ ಕೂತಿದ್ದೆ. ಹೈಸ್ಕೂಲಿನ ಒಬ್ಬಳು ಹುಡುಗಿ ರಾಗಿ ಬೀಸುವ ಹಾಡು ಹಾಡಿದಳು. ಚೆನ್ನಾಗಿ ಹಾಡಿದಳು. ತೀರ್ಪುಗಾರರೊಬ್ಬರು ಮೈಕ್ ಹಿಡಿದು, ‘ಪ್ರತಿ ನುಡಿಯ ಕೊನೆಗೂ ಅದೇ ಪದ ಬರುತ್ತಿದೆ, ಇದು ಗಜಲ್ ಮಾದರಿಯ ಹಾಡು, ಜನಪದ ಅಲ್ಲ’ ಅಂದುಬಿಟ್ಟರು. ಹುಡುಗಿಗೆ ಅಂಕ ಹೋಯಿತು. ನನಗೆ ಅವತ್ತು ತುಂಬಾ ಬೇಜಾರಾಯಿತು. ಅವರು ಗಮನಿಸಿದ್ದು ಸರಿಯೇ, ಒಂದೇ ಪದ ಮತ್ತೆ ಮತ್ತೆ ಬರುತ್ತಿತ್ತು. ಆದರೆ ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಅವರು ಕೇಳಿಕೊಳ್ಳಲಿಲ್ಲ.

ಕಥೆ ಹೇಳುವ ಹಾಡು, ಗಜಲ್, ಕೆಲಸದ ಹಾಡು, ಈ ಮೂರರಲ್ಲೂ ಮಾತು ಮರುಕಳಿಸುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ರಾಗ, ತಾಳ, ಹಾರ್ಮೋನಿಯಂ, ದಪ್ಪು, ಇವನ್ನೆಲ್ಲ ಇವತ್ತು ಪಕ್ಕಕ್ಕಿಡೋಣ. ಗಜಲನ್ನು ತಮಟೆ ಹೊಡೆದು ಹಾಡಬಹುದು, ಬೀಸುವ ಪದವನ್ನು ತಬಲಾ ಜೊತೆ ನಿಧಾನವಾಗಿ ಹಾಡಬಹುದು. ಹಾಗೆ ಹಾಡಿದ ಮಾತ್ರಕ್ಕೆ ಸಾಹಿತ್ಯ ಬದಲಾಗುವುದಿಲ್ಲ ಅಲ್ವಾ? ಕಾಗದದ ಮೇಲೆ ಬರೆದುಕೊಂಡ ಸಾಲುಗಳನ್ನಷ್ಟೇ ನೋಡೋಣ.

ಇದಕ್ಕಾಗಿ ನಾನೇ ಮೂರು ತುಣುಕು ಕಟ್ಟಿಕೊಂಡು ಬಂದಿದ್ದೇನೆ. ಮೂರಕ್ಕೂ ವಸ್ತು ಒಂದೇ, ನಮ್ಮ ಕಡೆಯ ಕೆರೆ. ಮೊದಲನೆಯದು ಕಥನಗೀತೆಯ ಜಾಡಿನದು. ಮಳೆಗಾಲದ ರಾತ್ರಿ ಕೆರೆ ಏರಿ ಒಡೆಯುವ ಹಾಗಿದೆ, ನೀರುಗಂಟಿ ತೂಬು ತೆರೆಯಲು ನೀರಿಗಿಳಿಯುತ್ತಾನೆ.

ಮೊದಲ ಜಾವ ನೀರು ಮೊಣಕಾಲ ಮುಟ್ಟಿತ್ತು
ನೀರುಗಂಟಿ ಮಾರಣ್ಣ ತೂಬಿಗೆ ಇಳಿದಾನೆ

ನಡುಜಾವ ನೀರು ನಡುವನ್ನ ಮುಟ್ಟಿತ್ತು
ಬ್ಯಾಡ ಬಾರೊ ಮಗನೆ, ಹಡೆದವ್ವ ಕರೆದಾಳೆ

ಕಡೆಜಾವ ನೀರು ಕೊರಳನ್ನ ಮುಟ್ಟಿತ್ತು
ತೂಬಿನ ಬಾಯಿ ತೆರೆದಿತ್ತು, ಮಾರಣ್ಣ ಏಳಲಿಲ್ಲ

ಇಲ್ಲಿ ಮರುಕಳಿಸುವುದು ‘ಜಾವ’, ‘ನೀರು’, ‘ಮುಟ್ಟಿತ್ತು’. ಆದರೆ ಸಾಲು ಹಾಗೇ ಬರುವುದಿಲ್ಲ, ಪ್ರತಿ ಸಲ ಒಂದೆರಡು ಪದ ಬದಲಾಗುತ್ತದೆ. ಮೊಣಕಾಲು, ನಡು, ಕೊರಳು. ಆ ಬದಲಾದ ಪದದಲ್ಲೇ ಕಥೆ ಮುಂದೆ ಹೋಗುತ್ತದೆ. ಕೇಳುವವರಿಗೆ ಅರ್ಧ ಸಾಲು ಮೊದಲೇ ಗೊತ್ತಿರುತ್ತದೆ, ಉಳಿದರ್ಧ ಏನು ಬರುತ್ತದೋ ಅನ್ನುವ ಭಯದಲ್ಲಿ ಕಿವಿ ಕೊಟ್ಟಿರುತ್ತಾರೆ. ಇನ್ನೂ ಒಂದು ಗಮನಿಸಿ, ಹೇಳುವವರು ಎಲ್ಲೂ ‘ಅಯ್ಯೋ ಪಾಪ’ ಅನ್ನುವುದಿಲ್ಲ. ತಾಯಿ ಮಾತಾಡುತ್ತಾಳೆ, ಘಟನೆ ನಡೆಯುತ್ತದೆ, ಅಷ್ಟೇ. ಮಧ್ಯದ ಎಷ್ಟೋ ಸಂಗತಿಗಳನ್ನು ಹಾಡು ಬಿಟ್ಟು ಜಿಗಿಯುತ್ತದೆ. ಮಾರಣ್ಣ ಮುಳುಗಿದ್ದನ್ನು ನಾವು ನೋಡುವುದೇ ಇಲ್ಲ, ಏಳಲಿಲ್ಲ ಅಂತ ಮಾತ್ರ ಕೇಳುತ್ತೇವೆ.

ನುಡಿಗಳನ್ನು ಹಿಂದೆ ಮುಂದೆ ಮಾಡಿ ನೋಡಿ, ಕೊರಳು ಮೊದಲು, ಮೊಣಕಾಲು ಕೊನೆಗೆ. ಕಥೆ ಸತ್ತುಹೋಗುತ್ತದೆ. ಪುಣ್ಯಕೋಟಿಯ ಹಾಡು ನಿಮಗೆಲ್ಲ ಬಾಯಿಪಾಠ ಇದೆ. ಹುಲಿ ಪ್ರಾಣ ಬಿಡುವ ನುಡಿಯನ್ನು ಹಸು ಮಾತು ಕೊಡುವ ನುಡಿಗಿಂತ ಮುಂಚೆ ಇಟ್ಟು ಹಾಡಿದರೆ ಚಿಕ್ಕ ಮಗುವೂ ನಿಲ್ಲಿಸಿ ಕೇಳುತ್ತದೆ. ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಗಣೆ ಊದುತ್ತಾ ಹಾಡುವ ಜುಂಜಪ್ಪನ ಕಾವ್ಯ ಇದಕ್ಕಿಂತ ತುಂಬಾ ದೊಡ್ಡದು, ಅದನ್ನು ಮಹಾಕಾವ್ಯ ಅಂತಲೇ ಕರೆಯಬೇಕು. ಆದರೆ ಒಂದಾದ ಮೇಲೆ ಒಂದು ನಡೆಯಲೇಬೇಕು ಅನ್ನುವ ಕಟ್ಟು ಅದರಲ್ಲೂ ಇದೆ.

ಎರಡನೆಯದು ಗಜಲ್.

ನೀರ ಮೇಲೆ ನಿನ್ನ ನೆರಳು ಉಳಿಯಿತು
ಕೂಗಿ ಕೂಗಿ ಕಟ್ಟಿದ ಕೊರಳು ಉಳಿಯಿತು

ಬಳೆಯೂ ಹೋಯಿತು, ಉಂಗುರವೂ ಹೋಯಿತು
ದಿನ ಎಣಿಸಲು ಬರಿದಾದ ಬೆರಳು ಉಳಿಯಿತು

ತುಂಬಿದಾಗ ಬೊಗಸೆ ಒಡ್ಡಲಿಲ್ಲ, ದಾರಿಗ
ಕೆರೆಯ ಬಗೆದರೆ ಬರೀ ಮರಳು ಉಳಿಯಿತು

ಗಜಲಿನಲ್ಲಿ ಸಾಮಾನ್ಯವಾಗಿ ಐದಾದರೂ ದ್ವಿಪದಿಗಳಿರುತ್ತವೆ, ಇಲ್ಲಿ ತೋರಿಸುವುದಕ್ಕೆ ಮೂರು ಸಾಕು. ಒಂದೊಂದು ದ್ವಿಪದಿಗೆ ಶೇರ್ ಅನ್ನುತ್ತಾರೆ. ‘ಉಳಿಯಿತು’ ಅನ್ನುವುದು ರದೀಫ್, ಅಂದರೆ ಒಂದಕ್ಷರವೂ ಬದಲಾಗದೆ ಮತ್ತೆ ಬರುವ ಪದ. ಅದರ ಹಿಂದೆಯೇ ನೆರಳು, ಕೊರಳು, ಬೆರಳು, ಮರಳು ಅಂತ ಪ್ರಾಸ ಇದೆಯಲ್ಲ, ಅದು ಕಾಫಿಯಾ. ಮೊದಲ ಶೇರ್‌ಗೆ ಮತ್ಲಾ ಅಂತ ಹೆಸರು, ಅಲ್ಲಿ ಎರಡೂ ಸಾಲಿಗೆ ಈ ಜೋಡಿ ಬರುತ್ತದೆ. ಆಮೇಲೆ ಎರಡನೆಯ ಸಾಲಿಗೆ ಮಾತ್ರ. ಕೊನೆಯ ಶೇರ್ ಮಕ್ತಾ, ಅಲ್ಲಿ ಕವಿ ತನ್ನ ಕಾವ್ಯನಾಮ ಸೇರಿಸುತ್ತಾನೆ, ನಾನು ‘ದಾರಿಗ’ ಅಂತ ಹಾಕಿದ್ದೇನೆ. ಕನ್ನಡದಲ್ಲಿ ಈ ಕಟ್ಟನ್ನು ಮೊದಲು ಒಗ್ಗಿಸಿದವರಲ್ಲಿ ರಾಯಚೂರು ಕಡೆಯ ಶಾಂತರಸರು ಮುಖ್ಯರು.

ಈಗ ಒಂದು ಪ್ರಶ್ನೆ. ಮೊದಲ ಶೇರ್‌ನಲ್ಲಿ ಕೆರೆಯಲ್ಲಿ ನೀರಿದೆ, ಕೊನೆಯದರಲ್ಲಿ ಬರೀ ಮರಳಿದೆ. ನೀರು ಯಾವಾಗ ಬತ್ತಿತು? ಗಜಲಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪ್ರತಿ ಶೇರ್ ತನ್ನಷ್ಟಕ್ಕೆ ಪೂರ್ತಿ. ಮಾರಣ್ಣನ ಹಾಡಿನಲ್ಲಿ ಹೀಗಾಗಿದ್ದರೆ ಅದು ತಪ್ಪು, ಯಾಕೆಂದರೆ ಅಲ್ಲಿರುವುದು ಒಂದೇ ಕೆರೆ, ಒಂದೇ ರಾತ್ರಿ. ಇಲ್ಲಿ ಮತ್ಲಾ ಮತ್ತು ಮಕ್ತಾ ಬಿಟ್ಟು ಮಿಕ್ಕ ಶೇರ್‌ಗಳನ್ನು ಹೇಗೆ ಬೇಕಾದರೂ ಅದಲು ಬದಲು ಮಾಡಬಹುದು.

‘ಉಳಿಯಿತು’ ಏನು ಮಾಡುತ್ತಿದೆ ನೋಡಿ. ಪದ ಅದೇ, ಆದರೆ ನೆರಳು ಉಳಿದಾಗ ಅದು ನೆನಪು, ಕೊರಳು ಉಳಿದಾಗ ನೋವು, ಮರಳು ಉಳಿದಾಗ ತಡವಾಗಿ ಆದ ಪಶ್ಚಾತ್ತಾಪ. ಕಥನಗೀತೆಯಲ್ಲಿ ಪದ ಬದಲಾಗಿ ಕಥೆ ನಡೆಯುತ್ತಿತ್ತು, ಇಲ್ಲಿ ಪದ ನಿಂತಲ್ಲೇ ನಿಂತು ಅರ್ಥ ಬದಲಾಗುತ್ತದೆ. ನನಗೆ ಗಜಲಿನಲ್ಲಿ ತುಂಬಾ ಇಷ್ಟವಾಗುವುದು ಇದೇ.

ಮೂರನೆಯದು ಕೆರೆಯ ಹೂಳು ಎತ್ತುವಾಗ ಹಾಡುವ ರೀತಿಯದು. ಒಬ್ಬರು ಹೇಳುತ್ತಾರೆ, ಮಂಕರಿ ದಾಟಿಸುವ ಸಾಲಿನವರೆಲ್ಲ ಸೊಲ್ಲು ಕೊಡುತ್ತಾರೆ.

ಎತ್ತಿಕೊಡೆ ಮಂಕರಿ, ಐಸಾ
ಹೊತ್ತು ನೆತ್ತಿಗೆ ಬಂತು, ಐಸಾ
ಬುತ್ತಿ ಇನ್ನೂ ಬರಲಿಲ್ಲ, ಐಸಾ
ಮೇಸ್ತ್ರಿ ನೋಡುತ ನಿಂತವ್ನೆ, ಐಸಾ

ಸಾಲುಗಳು ಗಿಡ್ಡ. ಒಂದು ಸಾಲು ಹೇಳುವಷ್ಟು ಹೊತ್ತಿಗೆ ಮಂಕರಿಗೆ ಕೈ ಹಾಕಬೇಕು, ‘ಐಸಾ’ ಅನ್ನುವಾಗ ಎತ್ತಬೇಕು. ಎಲ್ಲರ ಬಲ ಒಟ್ಟಿಗೆ ಬೀಳುವುದು ಆ ಪದದ ಮೇಲೆ. ಅದಕ್ಕೆ ಅರ್ಥವಿಲ್ಲ, ಅರ್ಥ ಬೇಕಾಗೂ ಇಲ್ಲ. ಮಾತು ಈ ಕ್ಷಣದ್ದು, ಎದುರಿಗಿರುವವರಿಗೆ ಹೇಳಿದ್ದು. ಎತ್ತು, ಕೊಡು, ಬಾ, ನೋಡು ಅಂತ. ಮೇಸ್ತ್ರಿ ಆ ಕಡೆ ಹೋದರೆ ಸಾಲು ಬದಲಾಗುತ್ತದೆ. ಬುತ್ತಿ ಬಂದರೆ ಹಾಡು ಅಲ್ಲಿಗೇ ನಿಲ್ಲುತ್ತದೆ. ಕಥೆಗಿರುವಂಥ ಕೊನೆ ಇದಕ್ಕಿಲ್ಲ.

ಈಗ ಆ ಹುಡುಗಿಯ ಹಾಡಿಗೆ ಬರೋಣ. ಅವಳ ಮಾತುಗಳು ಅವಳ ಮನೆಯವು, ಅವನ್ನು ಇಲ್ಲಿ ಹೇಳುವುದಿಲ್ಲ. ಅದೇ ಜಾಡಿನಲ್ಲಿ ನಾನೇ ಎರಡು ನುಡಿ ಕಟ್ಟಿದ್ದೇನೆ.

ಕೋಳಿ ಕೂಗೋ ಮುಂಚೆ ಕೂತೆ ನಾ ನಿನ ಮುಂದೆ
ತಾಯಿಗೆ ಹೇಳದ್ದ ನಿನಗೆ ಹೇಳುವೆ ಕೇಳು
ಮನಸಿನ ಭಾರ ಇಳಿಸವ್ವ ರಾಗಿಕಲ್ಲೆ

ಅಣ್ಣ ಬರುತಾನೆಂದು ಅಂಗಳವ ಗುಡಿಸಿದೆ
ಬಂಡಿಯ ಸದ್ದಿಲ್ಲ ಊರ ದಾರಿಯ ಮೇಲೆ
ನಿಲ್ಲದೆ ತಿರುಗು ನೀ ರಾಗಿಕಲ್ಲೆ

ಮೊದಲು ನುಡಿಗಳನ್ನು ಅದಲು ಬದಲು ಮಾಡಿ. ಏನೂ ಕೆಡುವುದಿಲ್ಲ. ಹಾಗಾಗಿ ಕಥನಗೀತೆ ಅಲ್ಲ ಅನ್ನುವುದು ಸರಿ. ಆದರೆ ಗಜಲಿನ ಶೇರ್‌ಗಳೂ ಹೀಗೇ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಂದರೆ ಈ ಪರೀಕ್ಷೆ ಇಲ್ಲಿಗೆ ಸಾಲದು, ಆ ತೀರ್ಪುಗಾರರು ಎಡವಿದ್ದೂ ಬಹುಶಃ ಇದೇ ಜಾಗದಲ್ಲಿ.

ಆಗ ಎರಡನೆಯ ಪರೀಕ್ಷೆ ಮಾಡಬೇಕು. ಮರುಕಳಿಸುವ ಪದವನ್ನು ಅಳಿಸಿಬಿಡಿ. ‘ನಿಲ್ಲದೆ ತಿರುಗು ನೀ’, ವಾಕ್ಯ ನಿಂತಿತು. ‘ಮನಸಿನ ಭಾರ ಇಳಿಸವ್ವ’, ಇದೂ ನಿಂತಿತು. ರಾಗಿಕಲ್ಲೆ ಅನ್ನುವುದು ಕರೆಯುವ ಮಾತು, ವಾಕ್ಯದ ಹೊರಗಿದೆ. ಗಜಲಿನಿಂದ ‘ಉಳಿಯಿತು’ ತೆಗೆಯಿರಿ, ‘ದಿನ ಎಣಿಸಲು ಬರಿದಾದ ಬೆರಳು’ ಅಂತ ಸಾಲು ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಒಳ್ಳೆಯ ರದೀಫ್ ವಾಕ್ಯದ ಒಳಗೆ ಹೊಲಿದುಕೊಂಡಿರುತ್ತದೆ. ಆಮೇಲೆ ಆ ಪದದ ಹಿಂದೆ ಏನಿದೆ ನೋಡಿ. ಒಂದು ಕಡೆ ‘ಇಳಿಸವ್ವ’, ಇನ್ನೊಂದು ಕಡೆ ‘ನೀ’. ಪ್ರಾಸವೇ ಇಲ್ಲ, ಅಂದರೆ ಕಾಫಿಯಾ ಇಲ್ಲ. ರದೀಫ್ ಇಲ್ಲದ ಗಜಲ್ ಉಂಟು, ಅದಕ್ಕೆ ಗೈರ್ ಮುರದ್ದಫ್ ಅನ್ನುತ್ತಾರೆ. ಆದರೆ ಕಾಫಿಯಾ ಇಲ್ಲದೆ ಗಜಲ್ ಆಗುವುದಿಲ್ಲ. ಇದೊಂದು ಗೊತ್ತಿದ್ದರೂ ಆ ಹುಡುಗಿಯ ಅಂಕ ಉಳಿಯುತ್ತಿತ್ತು. ಇನ್ನು ಪ್ರತಿ ನುಡಿಗೂ ಮೂರು ಸಾಲು ಇರುವುದು, ಮಾತು ಕೈಯಲ್ಲಿರುವ ಕಲ್ಲಿಗೇ ಹೋಗುತ್ತಿರುವುದು, ಇವೆಲ್ಲ ಸೇರಿದರೆ ಅನುಮಾನ ಉಳಿಯುವುದಿಲ್ಲ.

ಕೊನೆಯಲ್ಲಿ ಹೆಸರು ಬಂತು, ಹಾಗಾದರೆ ಗಜಲ್ ಅಂತ ಹೇಳುವವರೂ ಇದ್ದಾರೆ. ಅದು ಸಾಕ್ಷಿ ಆಗುವುದಿಲ್ಲ. ಲಾವಣಿಕಾರರು ಕೊನೆಯ ನುಡಿಯಲ್ಲಿ ತಮ್ಮ ಹೆಸರನ್ನೋ ಗುರುವಿನ ಹೆಸರನ್ನೋ ಹಾಕುತ್ತಾರೆ, ತತ್ವಪದಗಳಲ್ಲೂ ಅಂಕಿತ ಇರುತ್ತದೆ.

ಇನ್ನೊಂದು ತೊಡಕಿದೆ, ಇದು ನಿಮಗೆ ಹಳ್ಳಿಯಲ್ಲಿ ಹಾಡು ಬರೆದುಕೊಳ್ಳುವಾಗ ಖಂಡಿತ ಎದುರಾಗುತ್ತದೆ. ಬೀಸುವಾಗ ಹೆಂಗಸರು ಉದ್ದುದ್ದ ಕಥೆಯ ಹಾಡುಗಳನ್ನೂ ಹಾಡುತ್ತಿದ್ದರು. ಹಾಡಿದ್ದು ಬೀಸುಕಲ್ಲಿನ ಮುಂದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೆಲಸದ ಹಾಡು ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಸಂದರ್ಭವನ್ನು ಬೇರೆ ಬರೆದಿಡಿ, ಸಾಹಿತ್ಯದ ರೂಪವನ್ನು ಬೇರೆ ಬರೆದಿಡಿ. ಕೆಲವು ಹಾಡುಗಳು ಮಿಶ್ರವೂ ಆಗಿರುತ್ತವೆ, ನಡುವೆ ಕಥೆ ನಡೆಯುತ್ತದೆ, ನಾಲ್ಕು ಸಾಲಿಗೊಮ್ಮೆ ಕಲ್ಲನ್ನು ಕರೆಯುತ್ತಾರೆ. ಅಂಥದ್ದನ್ನು ಯಾವುದೋ ಒಂದು ಖಾನೆಗೆ ತುರುಕಬೇಡಿ, ಸುಮ್ನೆ ಎರಡನ್ನೂ ಬರೆಯಿರಿ.

ಅವತ್ತು ಸ್ಪರ್ಧೆ ಮುಗಿದ ಮೇಲೆ ನಾನು ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ, ‘ಏನಮ್ಮಾ, ಈ ಹಾಡಿಗೆ ಒಟ್ಟು ಎಷ್ಟು ನುಡಿ?’ ಅಂತ ಕೇಳಿದೆ. ಅವಳು, ‘ಗೊತ್ತಿಲ್ಲ ಸಾರ್, ನಮ್ಮಜ್ಜಿ ಮೊರದಲ್ಲಿ ರಾಗಿ ಇರೋವರೆಗೂ ಹಾಡ್ತಿದ್ರಂತೆ’ ಅಂದಳು.

ಸರಿ, ನೀವು ಬರೆದುಕೊಂಡು ಬಂದಿರುವ ಹಾಡುಗಳನ್ನು ತೆಗೆಯಿರಿ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಮೊದಲು ಓದಲಿ. ಮಿಕ್ಕವರು ಪೆನ್ನು ಹಿಡಿದು, ಮರುಕಳಿಸುವ ಪದದ ಕೆಳಗೆ ಗೆರೆ ಎಳೆಯುತ್ತಾ ಹೋಗಿ.