ಉಳಿದ ಯೂನಿಫಾರ್ಮಿಗೆ ಬೆಲೆ ಕಟ್ಟುವುದು

ಎಲ್ಲರಿಗೂ ನಮಸ್ಕಾರ.

ಮಾರ್ಚ್ 31ಕ್ಕೆ ಗೋಡೌನಿನಲ್ಲಿ ಉಳಿದ ಸರಕಿಗೆ ಬ್ಯಾಲೆನ್ಸ್ ಶೀಟಿನಲ್ಲಿ ಯಾವ ಬೆಲೆ ಹಾಕಬೇಕು? ನಿಯಮ ಒಂದೇ ಸಾಲಿನದು. ಅಸಲು ಮತ್ತು ನಿವ್ವಳ ವಸೂಲಿ ಮೌಲ್ಯ ಅಂದರೆ ಎನ್‌ಆರ್‌ವಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕಪತ್ರ ಮಾನದಂಡವಾದ ಎಎಸ್ 2 ಹೇಳುವುದೂ ಇದನ್ನೇ, ದೊಡ್ಡ ಕಂಪನಿಗಳಿಗಿರುವ ಇಂಡ್ ಎಎಸ್ 2 ಹೇಳುವುದೂ ಇದನ್ನೇ. ಬಿ.ಕಾಂ. ಓದಿದವರಿಗೆಲ್ಲ ಬಾಯಿಪಾಠ. ಆದರೆ ಆಡಿಟ್‌ಗೆಂದು ಸ್ಟಾಕ್ ಪಟ್ಟಿ ಕೈಗೆ ತೆಗೆದುಕೊಂಡರೆ ಅದರಲ್ಲಿ ನಗ, ದರ, ಮೊತ್ತ ಎಂಬ ಮೂರೇ ಕಾಲಂ ಇರುತ್ತವೆ. ದರ ಎಂದರೆ ಅಸಲು. ಮಾರಿದರೆ ಎಷ್ಟು ಕೈಗೆ ಬರುತ್ತದೆ ಎನ್ನುವ ನಾಲ್ಕನೇ ಕಾಲಂ ಹಾಕಿದವರನ್ನು ನಾನು ನೋಡಿದ್ದು ಕಡಿಮೆ. ಆ ಕಾಲಂ ಇಲ್ಲದ ಮೇಲೆ ಯಾವುದು ಕಡಿಮೆ ಎಂದು ಹೋಲಿಸಿದ್ದಾದರೂ ಹೇಗೆ?

ಇವತ್ತು ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಕೊಡುವ ಒಂದು ಘಟಕ ಇದೆ ಅನ್ನಿ. ಅಂಕಿಗಳು ನಾನೇ ಹಾಕಿಕೊಂಡವು. ಅವರ ಒಂದು ಗಿರಾಕಿ ಶಾಲೆ, ಜೂನ್‌ನಿಂದ ಯೂನಿಫಾರ್ಮ್ ಬದಲು ಎಂದು ಫೆಬ್ರುವರಿಯಲ್ಲೇ ಸುತ್ತೋಲೆ ಕಳಿಸಿತು. ಮಾರ್ಚ್ 31ಕ್ಕೆ ಆ ಶಾಲೆಯ ಹಳೇ ಚೌಕಳಿ ಅಂಗಿ 600 ಉಳಿದಿವೆ.

ಒಂದು ಅಂಗಿಯ ಅಸಲು 310 ರೂಪಾಯಿ. ಒಂದೂವರೆ ಮೀಟರ್ ಬಟ್ಟೆ ಮೀಟರಿಗೆ 130ರಂತೆ 195, ಹೊಲಿಗೆ 90, ಗುಂಡಿ, ದಾರ, ಬ್ಯಾಡ್ಜ್ ಸೇರಿ 25. ಬ್ಯಾಡ್ಜ್ ಬಿಚ್ಚಿ ಸಾದಾ ಅಂಗಿ ಎಂದು ಮಾರಿದರೆ ಸಗಟು ವ್ಯಾಪಾರಿ 220 ಕೊಡುತ್ತಾನೆ. ಎನ್‌ಆರ್‌ವಿ 220 ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಮಾರುವಷ್ಟರ ಮಟ್ಟಿಗೆ ಸರಕನ್ನು ತಯಾರು ಮಾಡುವ ಖರ್ಚು, ಮಾರುವ ಖರ್ಚು ಎರಡನ್ನೂ ಕಳೆಯಬೇಕು. ಬ್ಯಾಡ್ಜ್ ಬಿಚ್ಚಿ ಮತ್ತೆ ಇಸ್ತ್ರಿ, ಪ್ಯಾಕಿಂಗ್ ಮಾಡಿಸಲು 15, ದಲಾಲಿ 11, ಲಾರಿ ಬಾಡಿಗೆ 4. ಉಳಿದದ್ದು 190. ಅಂಗಿಗೆ 120ರಂತೆ 600 ಅಂಗಿಗೆ 72,000 ಇಳಿಸಬೇಕು.

ಮಾಲೀಕರು ಇಲ್ಲಿ ಒಂದು ವಾದ ಹೂಡುತ್ತಾರೆ. ‘ಸಾರ್, ಇನ್ನೊಂದು ಶಾಲೆಯ ಸ್ಕರ್ಟ್ 400 ಇವೆಯಲ್ಲ? ಅಸಲು 350, ಖರ್ಚು ಕಳೆದು 460 ಬರುತ್ತದೆ. ಅದರಲ್ಲಿ 44,000 ಲಾಭ ಇದೆ. ಅದನ್ನು ಇದಕ್ಕೆ ವಜಾ ಹಾಕಿಕೊಂಡು 28,000 ಮಾತ್ರ ಇಳಿಸೋಣ.’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೋಲಿಕೆ ನಡೆಯಬೇಕಾದ್ದು ಬಾಬು ಬಾಬಿಗೆ ಪ್ರತ್ಯೇಕವಾಗಿ. ಒಂದೇ ಬಗೆಯ, ಒಟ್ಟಿಗೇ ಮಾರಾಟವಾಗುವ, ಬೇರೆ ಬೇರೆ ಮಾಡಿ ನೋಡಲು ಆಗದ ಸರಕಾದರೆ ಗುಂಪು ಮಾಡಬಹುದು. ಅದೇ ಚೌಕಳಿ ಅಂಗಿಯ 32, 34, 36 ಸೈಜುಗಳನ್ನು ಒಟ್ಟಿಗೆ ನೋಡಿದರೆ ಯಾರೂ ಆಕ್ಷೇಪ ಮಾಡುವುದಿಲ್ಲ. ಇನ್ನೊಂದು ಶಾಲೆಯ ಸ್ಕರ್ಟನ್ನು ಅದರ ಜೊತೆ ಕಟ್ಟಲಾಗದು. ಸ್ಕರ್ಟಿನ 44,000 ಇನ್ನೂ ಬಿಲ್ ಆಗದ ಲಾಭ. ಒಟ್ಟು ಸ್ಟಾಕಿನ ಮೇಲೆ ಹೋಲಿಸಿದರೆ ಆ ಲಾಭ ಅಂಗಿಯ ನಷ್ಟದ ಹಿಂದೆ ಅಡಗಿ ಈ ವರ್ಷದ ಲೆಕ್ಕಕ್ಕೇ ಬಂದುಬಿಡುತ್ತದೆ. ಹಾಗಾಗಿ ಸ್ಕರ್ಟ್ 1,40,000ಕ್ಕೇ ನಿಲ್ಲುತ್ತದೆ, ಅಂಗಿ 1,86,000ದಿಂದ 1,14,000ಕ್ಕೆ ಇಳಿಯುತ್ತದೆ.

ಇನ್ನು ಹೊಲಿಯದೆ ಉಳಿದ ಬಟ್ಟೆ. ನನ್ನ ಅನುಭವದಲ್ಲಿ ಹೆಚ್ಚು ಜನ ಜಾರುವುದು ಇಲ್ಲಿ, ಅದೂ ಎರಡೂ ಕಡೆಗೆ. ಘಟಕದಲ್ಲಿ 1,000 ಮೀಟರ್ ಬಿಳಿ ಬಟ್ಟೆ ಇದೆ. ಕೊಂಡದ್ದು 120ಕ್ಕೆ, ಈಗ ಮಾರುಕಟ್ಟೆಯಲ್ಲಿ 100. ಲೆಕ್ಕ ಬರೆಯುವ ಹುಡುಗ ನಿಯಮ ನೆನಪಿಸಿಕೊಂಡು 20,000 ಇಳಿಸಿದ್ದಾನೆ. ತಪ್ಪು. ಕಚ್ಚಾ ಮಾಲನ್ನು ಘಟಕ ಇಟ್ಟುಕೊಂಡಿರುವುದು ಹೊಲಿದು ಮಾರಲು, ಬಟ್ಟೆಯಾಗಿಯೇ ಮಾರಲು ಅಲ್ಲ. ಆದ್ದರಿಂದ ನೋಡಬೇಕಾದ್ದು ಸಿದ್ಧ ಅಂಗಿಯನ್ನು. 120ರ ಬಟ್ಟೆ ಹಾಕಿದರೂ ಬಿಳಿ ಅಂಗಿಯ ಅಸಲು 295, ಮಾರುವ ಖರ್ಚು ಕಳೆದು ಬರುವುದು 360. ಸಿದ್ಧ ಮಾಲಿನಲ್ಲಿ ಅಸಲು ಹುಟ್ಟುವಾಗ ಕಚ್ಚಾ ಮಾಲಿನ ಬೆಲೆ ಇಳಿಸುವಂತಿಲ್ಲ, ಪೇಟೆ ಎಷ್ಟೇ ಬಿದ್ದಿರಲಿ.

ಅದೇ ಗೋಡೌನಿನಲ್ಲಿ ಚೌಕಳಿ ಬಟ್ಟೆ 450 ಮೀಟರ್ ಇದೆ. ಇದರ ಕಥೆ ತಿರುಗುಮುರುಗು. ಸಿದ್ಧ ಅಂಗಿಯಲ್ಲೇ ಅಸಲು ಹುಟ್ಟುತ್ತಿಲ್ಲವಾದ್ದರಿಂದ ಬಟ್ಟೆಯನ್ನೂ ಇಳಿಸಲೇಬೇಕು. ಎಷ್ಟಕ್ಕೆ? ಇಂಥ ಸಂದರ್ಭದಲ್ಲಿ ಮರುಖರೀದಿ ಬೆಲೆ ಒಳ್ಳೆಯ ಅಳತೆಯಾಗಬಹುದು ಎಂದು ಮಾನದಂಡ ಹೇಳುತ್ತದೆ. ‘ಆಗಬಹುದು’ ಅಷ್ಟೇ. ಮಿಲ್ಲಿನವರು ಈಗಲೂ ಅದನ್ನು 105ಕ್ಕೆ ಕೊಡುತ್ತಾರೆ, ಆದರೆ ನಮಗೆ ಬೇಕಾಗಿಲ್ಲದ ಬಟ್ಟೆಯ ಖರೀದಿ ದರ ಹಿಡಿದು ಏನು ಮಾಡುವುದು? ಅಂಗಿಯಾಗಿಸಿ ಮಾರಿದರೆ 190ರಲ್ಲಿ ಹೊಲಿಗೆ ಮತ್ತಿತರ 115 ಕಳೆದು 75 ಉಳಿಯುತ್ತದೆ, ಮೀಟರಿಗೆ 50. ಹೊಲಿಯದೆ ಹಾಗೇ ಮಾರಿದರೆ 70, ಸಾಗಣೆ ಕಳೆದು 65. ತಿಳಿದ ವ್ಯಾಪಾರಿ ಬಟ್ಟೆಯಾಗಿಯೇ ಮಾರುತ್ತಾನೆ. ಹಾಗಾಗಿ ಎನ್‌ಆರ್‌ವಿ 65. ಅಸಲು 130ರಿಂದ ಮೀಟರಿಗೆ 65ರಂತೆ 29,250 ಇಳಿಕೆ. ಎರಡೂ ಸೇರಿ ಈ ವರ್ಷದ ಲಾಭದಿಂದ 1,01,250 ಹೋಯಿತು.

ಮಾಲೀಕರಿಗೆ ಇದು ರುಚಿಸುವುದಿಲ್ಲ. ತೆರಿಗೆ ಕಡಿಮೆಯಾಗುತ್ತದಲ್ಲ ಎಂದರೂ ಒಪ್ಪುವುದಿಲ್ಲ. ಅವರ ಚಿಂತೆ ಬೇರೆ. ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅಂಗಿ 310ರಲ್ಲೇ ಕೂತಿದೆ. ಅದನ್ನು ಇಳಿಸಿದರೆ ಡ್ರಾಯಿಂಗ್ ಪವರ್, ಅಂದರೆ ಸ್ಟಾಕಿನ ಮೇಲೆ ಬ್ಯಾಂಕಿನಿಂದ ತೆಗೆಯಬಹುದಾದ ಸಾಲದ ಮಿತಿ, ಇಳಿಯುತ್ತದೆ. ಹಾಗಾಗಿ ಬ್ಯಾಂಕಿಗೆ ಒಂದು ದರ, ಬ್ಯಾಲೆನ್ಸ್ ಶೀಟಿಗೆ ಒಂದು ದರ. ಆಡಿಟರ್ ಇವೆರಡನ್ನೂ ಪಕ್ಕಪಕ್ಕ ಇಟ್ಟ ದಿನ ಪಟ್ಟಿ ಮತ್ತೆ ಬರೆಯಬೇಕಾಗುತ್ತದೆ.

ಇನ್ನು ಕೆಲವರದು ಶೇಕಡಾ ಲೆಕ್ಕ. ಒಂದು ವರ್ಷ ಹಳೆಯದಾದರೆ ಕಾಲು ಭಾಗ, ಎರಡು ವರ್ಷವಾದರೆ ಅರ್ಧ ಇಳಿಸು ಎಂದು ಕಣ್ಮುಚ್ಚಿ ಹಾಕುತ್ತಾರೆ. ಎಲ್ಲಿ ಹುಡುಕಬೇಕು ಎಂದು ತೋರಿಸಲು ಅದು ಸಾಕು, ಬೆಲೆ ಕಟ್ಟಲು ಸಾಲದು. ಬಿಳಿ ಅಂಗಿಗೆ ಎರಡು ವರ್ಷವಾದರೂ ಬೆಲೆ ಬೀಳದಿರಬಹುದು. ನಮ್ಮ ಚೌಕಳಿ ಅಂಗಿಗೆ ಆಗಿರುವುದು ಮೂರೇ ತಿಂಗಳು. ಆದಾಯ ತೆರಿಗೆಗೆ ಅನ್ವಯಿಸುವ ಐಸಿಡಿಎಸ್ 2 ಕೂಡ ಬಾಬುವಾರು ಇಳಿಕೆಯನ್ನೇ ಕೇಳುವುದರಿಂದ ಬರೀ ಶೇಕಡಾ ಹಿಡಿದು ಹೋದರೆ ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.

ಗಟ್ಟಿ ಪುರಾವೆ ಸಿಗುವುದು ಏಪ್ರಿಲ್, ಮೇ ತಿಂಗಳ ಮಾರಾಟದ ಬಿಲ್ಲುಗಳಲ್ಲಿ. ನಾನು ಮೊದಲು ಕೇಳುವ ಫೈಲು ಅದೇ. ಮೇನಲ್ಲಿ 200 ಅಂಗಿ 215ಕ್ಕೆ ಹೋಗಿದ್ದರೆ 220 ಎಂಬ ಅಂದಾಜನ್ನು ಸ್ವಲ್ಪ ಸರಿಪಡಿಸಬೇಕು. ಆದರೆ ಆ ಬೆಲೆ ಮಾರ್ಚ್ 31ರಂದೇ ಇದ್ದ ಸ್ಥಿತಿಯನ್ನು ತೋರಿಸುತ್ತಿರಬೇಕು. ಇಲ್ಲಿ ಸುತ್ತೋಲೆ ಬಂದದ್ದು ಫೆಬ್ರುವರಿ, ಆದ್ದರಿಂದ ತಕರಾರಿಲ್ಲ. ಶಾಲೆ ನಿರ್ಧಾರ ಮಾಡಿದ್ದೇ ಮೇನಲ್ಲಾಗಿದ್ದರೆ ಆ ನಷ್ಟ ಹೊಸ ವರ್ಷದ್ದು. ಹಿಂದಿನ ವರ್ಷದ ಸ್ಟಾಕಿನ ಬೆಲೆ ಮುಟ್ಟುವಂತಿಲ್ಲ.

ಕೊನೆಗೆ, ಇಳಿಸಿದ ಸರಕಿನ ಬೆಲೆ ಮತ್ತೆ ಏರಿದರೆ? ಮುಂದಿನ ಮಾರ್ಚ್‌ಗೆ 100 ಅಂಗಿ ಉಳಿದಿವೆ, ಬೇರೊಂದು ಊರಿನ ಶಾಲೆ ಅದೇ ಚೌಕಳಿ ಆರಿಸಿಕೊಂಡಿದೆ, ಖರ್ಚು ಕಳೆದು 270 ಸಿಗುವಂತಿದೆ. ಇಂಡ್ ಎಎಸ್ ಪಾಲಿಸುವ ಕಂಪನಿಯಾದರೆ ಪ್ರತಿ ವರ್ಷ ಹೊಸದಾಗಿ ಅಳೆಯಬೇಕು, ಹಿಂದೆ ಇಳಿಸಿದ್ದನ್ನು ಅಷ್ಟರ ಮಟ್ಟಿಗೆ ವಾಪಸ್ ತರಬೇಕು. ಅಂಗಿಗೆ 80ರಂತೆ 8,000 ಮರಳಿ ಬರುತ್ತದೆ. ನಮ್ಮ ಘಟಕದಂಥವರಿಗಿರುವ ಎಎಸ್ 2ರಲ್ಲಿ ವಾಪಸಾತಿಯ ಬಗ್ಗೆ ಇಷ್ಟು ಬಿಡಿಸಿ ಹೇಳಿಲ್ಲ. ಆದರೆ ಮಿತಿ ಇಬ್ಬರಿಗೂ ಒಂದೇ, 310. ಆ ಶಾಲೆ 350 ಕೊಡುತ್ತೇನೆ ಎಂದರೂ ಸ್ಟಾಕ್ ಪಟ್ಟಿಯಲ್ಲಿ ಅಂಗಿ 310ನ್ನು ದಾಟುವುದಿಲ್ಲ. ಮೇಲಿನ ಹಣ ಬಿಲ್ ಹರಿದ ದಿನದ ಲೆಕ್ಕಕ್ಕೆ ಹೋಗುತ್ತದೆ.